ಒಂದೇ ದೊಡ್ಡ ತೆರಿಗೆ ಸಾಕಲ್ವಾ ಮೇಡಂ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಿ.ಕಾಂ ಮಕ್ಕಳಿಗೆ ತೆರಿಗೆ ಪಾಠ ಮಾಡುತ್ತೇನೆ. ಈ ವರ್ಷ ಒಬ್ಬ ಹುಡುಗ ಪ್ರತಿ ಕ್ಲಾಸ್ ಮುಗಿದ ಮೇಲೂ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದ. ಅವರಪ್ಪನದು ಕಿರಾಣಿ ಅಂಗಡಿ, ಹಾಗಾಗಿ ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗಳೇ ಜಾಸ್ತಿ. ಹಿಂದಿನ ವರ್ಷದವರೂ ಇವನ್ನೇ ಕೇಳಿದ್ದರು, ಮುಂದಿನವರೂ ಕೇಳುತ್ತಾರೆ. ಅದಕ್ಕೆ ನಮ್ಮಿಬ್ಬರ ಮಾತನ್ನು ಪ್ರಶ್ನೆ ಉತ್ತರದ ಹಾಗೆ ಬರೆದಿಟ್ಟಿದ್ದೇನೆ.

ಮೇಡಂ, ಇಷ್ಟೊಂದು ತೆರಿಗೆ ಯಾಕೆ? ಎಷ್ಟು ಬೇಕೋ ಅಷ್ಟನ್ನು ಒಂದೇ ಕಡೆ ತಗೊಂಡು ಬಿಟ್ಟುಬಿಡಬಹುದಲ್ವಾ?

ಇಡ್ಲಿ ಹೋಟೆಲಿನಿಂದ ಶುರು ಮಾಡೋಣ. ಒಂದು ಊರಿನಲ್ಲಿ ದಿನಕ್ಕೆ 1,000 ಪ್ಲೇಟ್ ಇಡ್ಲಿ ಹೋಗುತ್ತೆ, ಪ್ಲೇಟಿಗೆ 40 ರೂಪಾಯಿ. ಸರ್ಕಾರ 4 ರೂಪಾಯಿ ತೆರಿಗೆ ಹಾಕಿತು, ಬೆಲೆ 44 ಆಯಿತು ಅಂದುಕೊ. 100 ಜನ "ಬೇಡ, ಮನೇಲೇ ತಿಂತೀವಿ" ಅಂದರು. ಉಳಿದ 900 ಪ್ಲೇಟಿನಿಂದ ಸರ್ಕಾರಕ್ಕೆ 3,600 ರೂಪಾಯಿ ಬಂತು.

ಆ ಬಿಟ್ಟು ಹೋದ 100 ಜನರ ಕಡೆ ನೋಡು. ಅವರಿಗೆ ಆ ಇಡ್ಲಿ 40ಕ್ಕೂ 44ಕ್ಕೂ ನಡುವೆ ಎಷ್ಟೋ ಬೆಲೆ ಬಾಳುತ್ತಿತ್ತು. ಸರಾಸರಿ 2 ರೂಪಾಯಿಯಷ್ಟು ಖುಷಿ ಒಬ್ಬೊಬ್ಬರಿಗೂ ತಪ್ಪಿತು. ಒಟ್ಟು 200 ರೂಪಾಯಿ. ಇದು ಸರ್ಕಾರಕ್ಕೂ ಬರಲಿಲ್ಲ, ಹೋಟೆಲಿನವನಿಗೂ ಸಿಗಲಿಲ್ಲ, ಸುಮ್ನೆ ಮಣ್ಣುಪಾಲು. ತೆರಿಗೆ ಪಾಠದಲ್ಲಿ ನಿಜವಾದ ನಷ್ಟ ಅಂದರೆ ಇದೇ. ಜೇಬಿನಿಂದ ಸರ್ಕಾರಕ್ಕೆ ಹೋದ ದುಡ್ಡು ಎಲ್ಲೋ ಒಂದು ಕಡೆ ಇರುತ್ತದೆ, ಇದು ಎಲ್ಲೂ ಇಲ್ಲ.

ಈಗ ತೆರಿಗೆಯನ್ನು 8 ರೂಪಾಯಿ ಮಾಡು. 200 ಜನ ಬಿಟ್ಟರು. ಸರ್ಕಾರಕ್ಕೆ 800 ಪ್ಲೇಟಿನಿಂದ 6,400. ತೆರಿಗೆ ಎರಡರಷ್ಟಾದರೂ ದುಡ್ಡು ಎರಡರಷ್ಟಾಗಲಿಲ್ಲ. ನಷ್ಟ ಮಾತ್ರ 200 ಜನಕ್ಕೆ ಸರಾಸರಿ 4 ರೂಪಾಯಿಯ ಹಾಗೆ 800 ಆಯಿತು, ಅಂದರೆ ನಾಲ್ಕರಷ್ಟು.

ಅದರ ಬದಲು ಇಡ್ಲಿ ಮೇಲೆ 4, ಎಳನೀರಿನ ಮೇಲೆ 4 ಹಾಕು. ಎಳನೀರಿಗೂ ಇದೇ ಲೆಕ್ಕ ಅಂತಿಟ್ಟುಕೊಂಡರೆ ಸರ್ಕಾರಕ್ಕೆ 7,200 ಬರುತ್ತೆ, ನಷ್ಟ 400. ಒಂದೇ ಕಡೆ 8 ಹಾಕಿದ್ದಕ್ಕಿಂತ ದುಡ್ಡು ಜಾಸ್ತಿ, ನಷ್ಟ ಅರ್ಧ. ತೆರಿಗೆ ದರ ಏರಿದಾಗ ನಷ್ಟ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಂಚಿ ಹಾಕಿದರೆ ಇಳಿಯುತ್ತದೆ. ಇನ್ನುಳಿದ ಕಾರಣಗಳು ಇದರ ಮೇಲೆ ಕಟ್ಟಿದ ಗೋಡೆ, ಪಾಯ ಇದು.

ಲೆಕ್ಕ ಸರಿ. ಆದ್ರೆ ಆದಾಯ ತೆರಿಗೆ ಅಂದ್ರೆ ಇಡ್ಲಿ ಅಲ್ವಲ್ಲ, ಆದಾಯ ಬಿಟ್ಟು ಯಾರು ಓಡಿಹೋಗ್ತಾರೆ?

ಓಡಿಹೋಗುವುದಿಲ್ಲಪ್ಪ, ಬಚ್ಚಿಡುತ್ತಾರೆ. ನಮ್ಮ ದೇಶವೇ ಇದನ್ನು ಮಾಡಿ ನೋಡಿದೆ. 1973-74ರಲ್ಲಿ ಆದಾಯ ತೆರಿಗೆಯ ಮೇಲಿನ ಹಂತದಲ್ಲಿ ದರ ಶೇ 85, ಅದರ ಮೇಲೆ ಸರ್‌ಚಾರ್ಜ್ ಶೇ 15. ಎರಡೂ ಸೇರಿ ಶೇ 97.75. ಆ ಹಂತದವನು ಇನ್ನೊಂದು 100 ರೂಪಾಯಿ ದುಡಿದು ಪ್ರಾಮಾಣಿಕವಾಗಿ ತೋರಿಸಿದರೆ ಅವನ ಕೈಗೆ ಬರುವುದು 2 ರೂಪಾಯಿ 25 ಪೈಸೆ. ಬಚ್ಚಿಟ್ಟರೆ ಪೂರ್ತಿ 100.

ಬಚ್ಚಿಡುವುದೂ ಬಿಟ್ಟಿ ಬರುವುದಿಲ್ಲ. ಎರಡು ಲೆಕ್ಕದ ಪುಸ್ತಕ ಬೇಕು, ಬಾಯಿ ಬಿಡದ ಗುಮಾಸ್ತ ಬೇಕು, ಸಿಕ್ಕಿಬಿದ್ದರೆ ದಂಡ ಇದೆ. ಇದಕ್ಕೆಲ್ಲ ನೂರಕ್ಕೆ 40 ಖರ್ಚಾಗುತ್ತೆ ಅನ್ನು. ತೆರಿಗೆ ಶೇ 30 ಇದ್ದರೆ ಕದಿಯುವುದು ದಡ್ಡತನ. ಶೇ 97.75 ಇದ್ದರೆ ಕದಿಯದೆ ಇರುವವನೇ ದಡ್ಡ ಅನ್ನಿಸಿಕೊಳ್ಳುತ್ತಾನೆ. ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೆ.ಎನ್. ವಾಂಛೂ ಅವರ ಸಮಿತಿ 1971ರಲ್ಲೇ ಕಪ್ಪುಹಣಕ್ಕೆ ಈ ವಿಪರೀತ ದರಗಳೇ ಒಂದು ಮುಖ್ಯ ಕಾರಣ ಅಂತ ಬರೆದಿತ್ತು. 1974-75ಕ್ಕೆ ದರ ಶೇ 77ಕ್ಕೆ ಇಳಿಯಿತು. ಅದೂ ಕಡಿಮೆಯೇನಲ್ಲ ಬಿಡು.

ಹಾಗಂತ ಸಣ್ಣ ತೆರಿಗೇನೂ ಕದೀತಾರಲ್ವಾ? ಹತ್ತು ತೆರಿಗೆ ಇದ್ರೆ ಹತ್ತು ಕಡೆ ಕದೀತಾರೆ ಅಷ್ಟೆ.

ಹತ್ತು ಕಡೆ ಕದಿಯುವುದು ಕಷ್ಟ, ಅದೇ ವಿಷಯ. ಒಬ್ಬ ಕಾಂಟ್ರಾಕ್ಟರ್ ಇದ್ದಾನೆ ಅಂದುಕೊ. ಆದಾಯ ತೆರಿಗೆ ರಿಟರ್ನಿನಲ್ಲಿ ವರ್ಷಕ್ಕೆ 6 ಲಕ್ಷ ಅಂತ ತೋರಿಸಿದ, ತೆರಿಗೆ ಸೊನ್ನೆ. ಆದರೆ ಉಳಿಸಿದ ದುಡ್ಡನ್ನು ಏನು ಮಾಡುತ್ತಾನೆ? ದಿಂಬಿನೊಳಗೆ ಇಟ್ಟುಕೊಳ್ಳಲು ಯಾರೂ ಕದಿಯುವುದಿಲ್ಲ. ಬೆಂಗಳೂರಿನಲ್ಲಿ 60 ಲಕ್ಷದ ಮನೆ ಕೊಂಡ. ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್, 30,000. ಶೇ 2 ಸರ್‌ಚಾರ್ಜ್, 6,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2, ಅಂದರೆ 1,20,000. ಒಟ್ಟು 4,56,000. ಆದಾಯ ತೆರಿಗೆಯ ಬಲೆಯಿಂದ ತಪ್ಪಿಸಿಕೊಂಡವನು ಇಲ್ಲಿ ಸಿಕ್ಕ. ಕಾರು ಕೊಂಡರೆ ಆಜೀವ ತೆರಿಗೆಯಲ್ಲಿ ಸಿಗುತ್ತಾನೆ, ಪೆಟ್ರೋಲ್ ಹಾಕಿಸಿದಾಗ ಇನ್ನೊಂದು ಸಲ.

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. ದೊಡ್ಡ ಮೊತ್ತದ ಆಸ್ತಿ ನೋಂದಣಿ ಆದರೆ ಉಪನೋಂದಣಿ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ಮಾಹಿತಿ ಹೋಗುತ್ತದೆ. 6 ಲಕ್ಷ ಆದಾಯದವನು 60 ಲಕ್ಷದ ಮನೆ ಕೊಂಡದ್ದು ಹೇಗೆ ಅಂತ ಅಲ್ಲಿ ಯಾರಾದರೂ ಕೇಳಬಹುದು. ಒಂದು ತೆರಿಗೆ ಇನ್ನೊಂದರ ಮೇಲೆ ಚಾಡಿ ಹೇಳುತ್ತದೆ. ಒಂದೇ ತೆರಿಗೆ ಇದ್ದರೆ ಚಾಡಿ ಹೇಳಲು ಯಾರಿದ್ದಾರೆ?

ಇದಕ್ಕೂ ಒಂದು ಮಿತಿ ಇದೆ, ಅದು ನಿನಗೂ ಗೊತ್ತು. 60 ಲಕ್ಷದ ಮನೆಯನ್ನು ಮಾರ್ಗಸೂಚಿ ಬೆಲೆ 40 ಲಕ್ಷ ಅಂತ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುವುದು. ಶುಲ್ಕ ಏರಿದಷ್ಟೂ ಈ ಆಸೆಯೂ ಏರುತ್ತದೆ. ಮತ್ತೆ ಇಡ್ಲಿ ಲೆಕ್ಕವೇ.

ಎಲ್ಲಾದ್ರೂ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೆಯಾ, ಇಷ್ಟು ತೆರಿಗೆ ಇಟ್ಟುಕೊಂಡಿದ್ದು?

2020ರ ಏಪ್ರಿಲ್ ನೆನಪಿದೆಯಾ? ನೀನಾಗ ಹೈಸ್ಕೂಲಿನಲ್ಲಿ ಇದ್ದಿರಬೇಕು. ಲಾಕ್‌ಡೌನ್. 2019ರ ಏಪ್ರಿಲ್‌ನಲ್ಲಿ ದೇಶದ ಜಿಎಸ್‌ಟಿ ಸಂಗ್ರಹ 1,13,865 ಕೋಟಿ ಇತ್ತು. 2020ರ ಏಪ್ರಿಲ್‌ನಲ್ಲಿ 32,172 ಕೋಟಿ. ಅಂಗಡಿ ಮುಚ್ಚಿದೆ, ಬಿಲ್ ಇಲ್ಲ, ತೆರಿಗೆ ಇಲ್ಲ. ಆದರೆ ಸಂಬಳ, ಪಿಂಚಣಿ, ಆಸ್ಪತ್ರೆ ಖರ್ಚು ನಿಲ್ಲಲಿಲ್ಲ.

ಆಗ ಕೇಂದ್ರ ಏನು ಮಾಡಿತು ನೋಡು. ಜಗತ್ತಿನಲ್ಲಿ ಕಚ್ಚಾ ತೈಲದ ಬೆಲೆ ನೆಲ ಕಚ್ಚಿತ್ತು. ಮೇ 6ರಿಂದ ಪೆಟ್ರೋಲ್ ಮೇಲಿನ ಅಬಕಾರಿ ಸುಂಕವನ್ನು ಒಂದೇ ಏಟಿಗೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಏರಿಸಿತು. ಬಂಕಿನ ಬೆಲೆ ಇದರಿಂದ ಏರಲೇ ಇಲ್ಲ. ಬೆಲೆ ಇಳಿಯಬೇಕಿದ್ದ ಜಾಗದಲ್ಲಿ ತೆರಿಗೆ ಬಂದು ಕೂತಿತು. ಇಲ್ಲಿ ರಾಜ್ಯವೂ ಮೇ 4ರಂದು ಮದ್ಯದಂಗಡಿ ತೆರೆಯಿತು, ಬೆಳಗಿನಿಂದ ಸಾಲು. ಎರಡೇ ದಿನದಲ್ಲಿ ಅಬಕಾರಿ ಸುಂಕವೂ ಏರಿತು.

ಒಳ್ಳೆಯದೋ ಕೆಟ್ಟದ್ದೋ ಅದು ಬೇರೆ ಮಾತು. ಒಂದು ಕೊಳವೆ ಬತ್ತಿದಾಗ ಇನ್ನೊಂದು ಇತ್ತು. ಜಿಎಸ್‌ಟಿ ಒಂದನ್ನೇ ನಂಬಿ ಕೂತಿದ್ದರೆ ಆ ತಿಂಗಳು ಇನ್ನೂ ಜಾಸ್ತಿ ಸಾಲ ಮಾಡಬೇಕಿತ್ತು.

ಅಂದ್ರೆ ಜನಕ್ಕೆ ಗೊತ್ತಾಗದ ಹಾಗೆ ತಗೊಳ್ಳೋದೇ ಉಪಾಯ. ಅಷ್ಟೇ ತಾನೇ?

ಅಷ್ಟೇ ಅಲ್ಲ, ಆದರೆ ಅದೂ ಇದೆ. ಮುಚ್ಚಿಡುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಬ್ರಿಟನ್ನಿನದು.

ಅಲ್ಲಿ ಊರಿನ ಸ್ಥಳೀಯ ಸಂಸ್ಥೆಗಳು ಮನೆಗೆ ಎಷ್ಟು ಬಾಡಿಗೆ ಬರಬಹುದು ಅಂತ ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದವು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಅದನ್ನು ತೆಗೆದು ತಲೆಗಂದಾಯ ತಂದಿತು, 1989ರಲ್ಲಿ ಸ್ಕಾಟ್ಲೆಂಡಿಗೆ, 1990ರಲ್ಲಿ ಇಂಗ್ಲೆಂಡು ವೇಲ್ಸಿಗೆ. ಒಂದು ಊರಿನಲ್ಲಿ ಇರುವ ವಯಸ್ಕರಿಗೆಲ್ಲ ಒಂದೇ ಮೊತ್ತ. ಬಡವರಿಗೆ ಒಂದಿಷ್ಟು ರಿಯಾಯಿತಿ ಇತ್ತು, ಆದರೂ ಬಂಗಲೆಯವನಿಗೂ ಅವನ ಕಾರು ಓಡಿಸುವವನಿಗೂ ಬಿಲ್ ಒಂದೇ. ಆ ಬಿಲ್ ಅಂಚೆಯಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು, ಹೆಸರು ಬರೆದು, ಮೊತ್ತ ಬರೆದು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆಯಾಯಿತು. ಲಕ್ಷಗಟ್ಟಲೆ ಜನ ಕಟ್ಟುವುದೇ ಇಲ್ಲ ಅಂದರು. ನವೆಂಬರ್‌ನಲ್ಲಿ ಥ್ಯಾಚರ್ ರಾಜೀನಾಮೆ ಕೊಟ್ಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಇದು ದೊಡ್ಡ ಕಾರಣ.

ಮುಂದಿನ ಕಥೆಯನ್ನು ಜನ ಹೇಳುವುದೇ ಇಲ್ಲ. 1991ರ ಮಾರ್ಚ್ ಬಜೆಟ್‌ನಲ್ಲಿ ಹೊಸ ಸರ್ಕಾರ ತಲೆಗಂದಾಯದ ಬಿಲ್ಲನ್ನು ತಲೆಗೆ 140 ಪೌಂಡ್ ಇಳಿಸಿತು. ಆ ದುಡ್ಡನ್ನು ಎಲ್ಲಿಂದ ತುಂಬಿಸಿತು? ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ 17.5ಕ್ಕೆ ಏರಿಸಿ. ಅದೇ ಜನ, ಹೆಚ್ಚುಕಡಿಮೆ ಅಷ್ಟೇ ದುಡ್ಡು. ಆದರೆ ಅಲ್ಲಿ ಅಂಗಡಿ ಬೆಲೆಯೊಳಗೇ ತೆರಿಗೆ ಸೇರಿರುತ್ತೆ, ಅಂಚೆಯಲ್ಲಿ ಬಿಲ್ ಬರುವುದಿಲ್ಲ. ಯಾರೂ ಚೌಕಕ್ಕೆ ಹೋಗಲಿಲ್ಲ. ತಲೆಗಂದಾಯ 1993ರಲ್ಲಿ ಹೋಯಿತು, ಶೇ 17.5 ಮಾತ್ರ ಉಳಿಯಿತು.

ನನ್ನ ಹುಡುಗ ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಮೋಸ ಅಲ್ವಾ ಮೇಡಂ?" ಅಂದ. ಮೋಸ ಅನ್ನುವುದಿಲ್ಲ, ಬೆಲೆಯೊಳಗಿನ ತೆರಿಗೆ ಗುಟ್ಟೇನಲ್ಲ. ಆದರೆ ಕಾಣದ ತೆರಿಗೆಯನ್ನು ಜನ ಪ್ರಶ್ನೆ ಮಾಡುವುದಿಲ್ಲ ಅನ್ನುವುದು ಸರ್ಕಾರಗಳಿಗೆ ಚೆನ್ನಾಗಿ ಗೊತ್ತು. ನನಗೆ ಅದು ಇಷ್ಟವಿಲ್ಲ ಅಂತ ಅವನಿಗೂ ಹೇಳಿದೆ.

ಎಲ್ಲ ತೆರಿಗೆ ತೆಗೆದು ಬ್ಯಾಂಕ್ ವ್ಯವಹಾರದ ಮೇಲೆ ಶೇ 2 ಹಾಕಿದ್ರೆ ಸಾಕು ಅಂತಾರಲ್ಲ?

ವಾಟ್ಸಾಪಿನಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ ಇದು. ಒಂದು ಅಂಗಿ ತಗೊ. ರೈತನಿಂದ ಹತ್ತಿ ಗಿರಣಿಗೆ, ಗಿರಣಿಯಿಂದ ನೂಲು ನೇಯುವವನಿಗೆ, ಅಲ್ಲಿಂದ ಬಟ್ಟೆ ಗಾರ್ಮೆಂಟ್ಸಿಗೆ, ಅಂಗಿ ಹೋಲ್‌ಸೇಲಿನವನಿಗೆ, ಆಮೇಲೆ ಅಂಗಡಿಗೆ, ಕೊನೆಗೆ ನಿನಗೆ. ಆರು ಕೈ ಬದಲಾಯಿತು, ಆರು ಸಲ ಶೇ 2 ಬಿತ್ತು, ತೆರಿಗೆ ಮೇಲೆ ತೆರಿಗೆ. ಹತ್ತಿ ಕೊಳ್ಳುವುದರಿಂದ ಅಂಗಿ ಮಾರುವವರೆಗೂ ಎಲ್ಲವನ್ನೂ ತಾನೇ ಮಾಡುವ ದೊಡ್ಡ ಕಂಪನಿ ಕಟ್ಟುವುದು ಎರಡೇ ಸಲ. ಅಲ್ಲಿಗೆ ಸಣ್ಣ ಮಗ್ಗದವನ ಕಥೆ ಮುಗಿಯಿತು. ಇನ್ನು ಬ್ಯಾಂಕಿಗೆ ಹೋದರೆ ತೆರಿಗೆ ಅಂದರೆ ಜನ ಬ್ಯಾಂಕಿಗೆ ಹೋಗುವುದನ್ನೇ ಬಿಡುತ್ತಾರೆ, ನಗದಿನಲ್ಲಿ ಮುಗಿಸುತ್ತಾರೆ.

ಸಣ್ಣ ಪ್ರಮಾಣದಲ್ಲಿ ನಾವೂ ಇದರ ಹತ್ತಿರದ್ದೊಂದನ್ನು ನೋಡಿದ್ದೇವೆ. 2005ರ ಜೂನ್‌ನಿಂದ 2009ರ ಮಾರ್ಚ್‌ವರೆಗೆ ಬ್ಯಾಂಕಿನಿಂದ ದೊಡ್ಡ ಮೊತ್ತ ನಗದು ತೆಗೆದರೆ ಶೇ 0.1 ತೆರಿಗೆ ಇತ್ತು. ದುಡ್ಡಿಗಿಂತ ಮಾಹಿತಿಗೆ ಹಾಕಿದ್ದು ಅದು. ಬ್ರೆಜಿಲ್ ಬ್ಯಾಂಕ್ ವ್ಯವಹಾರದ ಮೇಲೆ ಶೇ 0.38ರವರೆಗೆ ಹಾಕಿತ್ತು, 2007ರ ಕೊನೆಗೆ ಅದು ನಿಂತಿತು. ನೋಡು, ಅರ್ಧ ಪರ್ಸೆಂಟೂ ಇಲ್ಲ. ಬೇರೆ ಹತ್ತು ತೆರಿಗೆಗಳ ಜೊತೆ ಇನ್ನೊಂದಾಗಿ ಅದು ನಡೆಯಿತು, ಎಲ್ಲದರ ಬದಲಿಗೆ ಅಲ್ಲ.

ಹಾಗಾದ್ರೆ ತೆರಿಗೆ ಜಾಸ್ತಿ ಇದ್ದಷ್ಟೂ ಒಳ್ಳೇದಾ? ಪೆಟ್ರೋಲ್ ಮೇಲೆ ನಾಲ್ಕೈದು ಇವೆಯಲ್ಲ.

ಇಲ್ಲೇ ಎಲ್ಲರೂ ಎಡವುವುದು, ಪರೀಕ್ಷೆಯಲ್ಲೂ. ನಾನು ಹೇಳಿದ್ದು ಇಡ್ಲಿ ಮೇಲೆ 4, ಎಳನೀರಿನ ಮೇಲೆ 4. ಬೇರೆ ಬೇರೆ ವಸ್ತು. ಇಡ್ಲಿ ಮೇಲೇ "ಇಡ್ಲಿ ಸುಂಕ 4, ಚಟ್ನಿ ಸೆಸ್ 4" ಅಂತ ಹಾಕಿದರೆ ಅದು ಎರಡು ಸಣ್ಣ ತೆರಿಗೆ ಅಲ್ಲ, 8 ರೂಪಾಯಿಯ ಒಂದೇ ದೊಡ್ಡ ತೆರಿಗೆ, ಹೆಸರು ಎರಡು. ನಷ್ಟ 800 ಹಾಗೇ ಇರುತ್ತೆ.

ಪೆಟ್ರೋಲ್ ಅಂಥದ್ದೇ. 2022ರ ಮೇ ಕಡಿತದ ನಂತರ ಕೇಂದ್ರದ ಸುಂಕ ಲೀಟರಿಗೆ 19.90 ರೂಪಾಯಿ ಆಯಿತು. ಅದನ್ನು ಬಿಡಿಸಿ ನೋಡು. ಮೂಲ ಅಬಕಾರಿ ಸುಂಕ 1.40. ವಿಶೇಷ ಹೆಚ್ಚುವರಿ ಸುಂಕ 11. ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5. ಕೃಷಿ ಮೂಲಸೌಕರ್ಯ ಸೆಸ್ 2.50. ಗಾಡಿ ಓಡಿಸುವವನಿಗೆ ಇದು ನಾಲ್ಕಾದರೂ ಒಂದೇ, ಒಂದಾದರೂ ಒಂದೇ.

ಮತ್ತೆ ನಾಲ್ಕು ಹೆಸರು ಯಾಕೆ? ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕವನ್ನು ಮಾತ್ರ. ಸೆಸ್, ಸರ್‌ಚಾರ್ಜ್ ಹಂಚುವ ಗಂಟಿಗೆ ಸೇರುವುದಿಲ್ಲ ಅಂತ ಸಂವಿಧಾನದ 270ನೇ ವಿಧಿಯೇ ಹೇಳುತ್ತದೆ. 15ನೇ ಹಣಕಾಸು ಆಯೋಗದ ಪ್ರಕಾರ ಹಂಚುವ ಗಂಟಿನಲ್ಲಿ ರಾಜ್ಯಗಳಿಗೆಲ್ಲ ಸೇರಿ ಶೇ 41, ಅದರಲ್ಲಿ ಕರ್ನಾಟಕದ ಪಾಲು ಶೇ 3.647 ಇತ್ತು. ಈಗ ಲೆಕ್ಕ ಹಾಕು. 1.40 ರೂಪಾಯಿಯ ಶೇ 41 ಅಂದರೆ 57 ಪೈಸೆ. ಅದರ ಶೇ 3.647 ಅಂದರೆ 2 ಪೈಸೆ.

ಲೀಟರಿಗೆ 19 ರೂಪಾಯಿ 90 ಪೈಸೆಯಲ್ಲಿ ನಮ್ಮ ರಾಜ್ಯಕ್ಕೆ ಈ ದಾರಿಯಲ್ಲಿ ಬರುತ್ತಿದ್ದದ್ದು 2 ಪೈಸೆ! ಹುಡುಗ ಕ್ಯಾಲ್ಕ್ಯುಲೇಟರನ್ನು ಎರಡು ಸಲ ಒತ್ತಿದ. ರಾಜ್ಯಗಳು ತಮ್ಮದೇ ಮಾರಾಟ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ದರವನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಎರಡು ಸರ್ಕಾರ, ಒಂದೇ ಟ್ಯಾಂಕು. ಯಾವ ತೆರಿಗೆ ಯಾರದು ಅನ್ನುವುದನ್ನು ಸಂವಿಧಾನದ ಏಳನೇ ಅನುಸೂಚಿ ಹಂಚಿಟ್ಟಿದೆ. ಹಾಗಾಗಿ ಒಂದೇ ತೆರಿಗೆ ಬೇಕು ಅನ್ನುವವರು ಮೊದಲು ಅದು ಯಾರ ಕೈಗೆ ಹೋಗಬೇಕು ಅಂತ ಹೇಳಬೇಕು.

ಜಿಎಸ್‌ಟಿ ತಂದಾಗ ಎಷ್ಟೋ ತೆರಿಗೆ ಸೇರಿಸಿ ಒಂದು ಮಾಡಿದ್ರಲ್ಲ. ಅದು ಉಲ್ಟಾ ಆಯ್ತಲ್ವಾ?

ಉಲ್ಟಾ ಅಲ್ಲ, ಈಗ ತಾನೇ ಹೇಳಿದ್ದಕ್ಕೆ ಸರಿಯಾಗಿ ಹೊಂದುತ್ತದೆ. 2017ರ ಜುಲೈ 1ರಂದು 17 ತೆರಿಗೆ, 13 ಸೆಸ್ ಸೇರಿ ಒಂದಾದವು ಅಂತ ಸರ್ಕಾರವೇ ಹೇಳುತ್ತದೆ. ಅಬಕಾರಿ, ವ್ಯಾಟ್, ಪ್ರವೇಶ ತೆರಿಗೆ ಎಲ್ಲವೂ ಅದೇ ಸೋಪಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ಒಂದೇ ವಸ್ತುವಿನ ಮೇಲಿದ್ದವನ್ನು ಸೇರಿಸಿದರು, ಗಡಿಯ ಚೆಕ್‌ಪೋಸ್ಟು ಹೋಯಿತು, ಲಾರಿ ಸಾಲು ಕರಗಿತು. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಅನ್ನುವ ಗಾದೆ ಮಾತ್ರ ಉಳಿದಿದೆ, ಬೆಂಗಳೂರಿನಲ್ಲಿ ಸುಂಕದಕಟ್ಟೆ ಅನ್ನುವ ಹೆಸರು ಉಳಿದ ಹಾಗೆ. ಆದಾಯ ತೆರಿಗೆ, ಆಸ್ತಿ ತೆರಿಗೆ, ವಾಹನದ ಆಜೀವ ತೆರಿಗೆ, ಮದ್ಯ ಮತ್ತು ಪೆಟ್ರೋಲ್ ಮೇಲಿನ ತೆರಿಗೆ ಜಿಎಸ್‌ಟಿಗೆ ಸೇರಲಿಲ್ಲ.

ಸಣ್ಣ ತೆರಿಗೆ ತೀರಾ ಸಣ್ಣದಾದ್ರೆ?

ವೃತ್ತಿ ತೆರಿಗೆ ನೋಡು. ವರ್ಷಕ್ಕೆ 2,500 ರೂಪಾಯಿ ಮೀರಬಾರದು ಅಂತ ಸಂವಿಧಾನದಲ್ಲೇ ಇದೆ. ಆ ಮಿತಿ ಇಟ್ಟದ್ದು 1988ರಲ್ಲಿ, ಇವತ್ತಿಗೂ ಅದೇ. ಆಗಿನ 2,500ಕ್ಕೆ ತೂಕ ಇತ್ತು. ಈಗ ಅದಕ್ಕಾಗಿ ಪ್ರತಿಯೊಂದು ಕಂಪನಿಯೂ ತಿಂಗಳು ತಿಂಗಳು 200 ರೂಪಾಯಿ, ಫೆಬ್ರವರಿಯಲ್ಲಿ 300 ಹಿಡಿದು, ಫಾರಂ ತುಂಬಿ, ಕಟ್ಟಬೇಕು. ತೆರಿಗೆಗಿಂತ ತಾಪತ್ರಯ ದೊಡ್ಡದು.

"ನಮ್ಮಪ್ಪ ಇದನ್ನೇ ಹೇಳೋದು" ಅಂದ. ಅವರ ಅಂಗಡಿ ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿದೆ, ವಹಿವಾಟಿನ ಶೇ 1. ಮೂರು ತಿಂಗಳಿಗೊಮ್ಮೆ `CMP-08`, ವರ್ಷಕ್ಕೊಮ್ಮೆ `GSTR-4`. ಅದರ ಜೊತೆ ವೃತ್ತಿ ತೆರಿಗೆ, ಕಟ್ಟಡದ ತೆರಿಗೆ, ಲೈಸೆನ್ಸ್ ನವೀಕರಣ, ಆದಾಯ ತೆರಿಗೆ ರಿಟರ್ನ್. ಒಂದೊಂದಕ್ಕೂ ಒಂದೊಂದು ಕೊನೇ ದಿನ, ಒಂದೊಂದು ಪಾಸ್‌ವರ್ಡ್. ನನ್ನ ಇಡ್ಲಿ ಲೆಕ್ಕದಲ್ಲಿ ಈ ಖರ್ಚು ಬರುವುದೇ ಇಲ್ಲ. ಕಟ್ಟುವವನ ಸಮಯಕ್ಕೂ ಬೆಲೆ ಹಾಕಿದರೆ ಎರಡು ತೆರಿಗೆ ನಾಲ್ಕಾಗುವಾಗ ಆಗುವ ಉಳಿತಾಯ ಇಪ್ಪತ್ತು ಮೂವತ್ತಾಗುವಾಗ ಆಗುವುದಿಲ್ಲ. ದೊಡ್ಡ ಕಂಪನಿಗೆ ಇದು ಒಬ್ಬ ಗುಮಾಸ್ತನ ಸಂಬಳ. ಅಂಗಡಿಯವನಿಗೆ ಅದು ಅವನ ಭಾನುವಾರ.

ನಾನಂತೂ ಇನ್ನೂ ದುಡೀತಿಲ್ಲ, ತೆರಿಗೇನೇ ಕಟ್ಟಲ್ಲ. ಸರಿ ತಾನೇ?

ಒಂದು ದಿನದ್ದು ಬರೆದುಕೊಂಡು ಬಾ ಅಂದೆ. ಮಾರನೇ ದಿನ ನೋಟ್‌ಬುಕ್ಕಿನ ಕೊನೇ ಹಾಳೆ ತೋರಿಸಿದ. 299ರ ಮೊಬೈಲ್ ರೀಚಾರ್ಜ್, ಅದರಲ್ಲಿ ಶೇ 18ರ ಜಿಎಸ್‌ಟಿ 45 ರೂಪಾಯಿ 61 ಪೈಸೆ. 299ರ ಶೇ 18 ಅಂತ 53.82 ಬರೆದು ಆಮೇಲೆ ಹೊಡೆದುಹಾಕಿದ್ದ, ಬೆಲೆಯೊಳಗಿನ ತೆರಿಗೆಯನ್ನು 118ರಿಂದ ಭಾಗಿಸಿ ತೆಗೆಯಬೇಕು ಅಂತ ತಾನೇ ಕಂಡುಕೊಂಡಿದ್ದ. 10 ರೂಪಾಯಿ ಬಿಸ್ಕತ್ತು, ಶೇ 5, 48 ಪೈಸೆ. ಕ್ಷೌರದ ಅಂಗಡಿ, ಸೊನ್ನೆ, ಅದು ನೋಂದಣಿಯ ಮಿತಿಗಿಂತ ಕೆಳಗೆ. ಕೊನೇ ಸಾಲಿನಲ್ಲಿ "ಬಸ್ಸು, ಸೊನ್ನೆ" ಅಂತಿತ್ತು.

ಸಾಮಾನ್ಯ ಬಸ್ಸಿನ ಟಿಕೆಟಿಗೆ ಜಿಎಸ್‌ಟಿ ಇಲ್ಲ, ಅದು ಸರಿ. ಬಸ್ಸು ಯಾವುದರಲ್ಲಿ ಓಡುತ್ತೆ ಅಂತ ಕೇಳಿದೆ. ಪೆನ್ನು ತೆಗೆದು ಆ ಸೊನ್ನೆಯ ಪಕ್ಕ ಡೀಸೆಲ್ ಅಂತ ಬರೆದ. ಅದರ ಮುಂದೆ ಎಷ್ಟು ಬರೆಯಬೇಕು ಅಂತ ಇನ್ನೂ ಲೆಕ್ಕ ಹಾಕುತ್ತಿದ್ದಾನೆ, ಬಸ್ಸು ಲೀಟರಿಗೆ ಎಷ್ಟು ಓಡುತ್ತೆ ಅಂತ ಡ್ರೈವರ್ ಹತ್ತಿರ ಕೇಳಿಕೊಂಡು ಬರ್ತೀನಿ ಅಂದಿದ್ದಾನೆ.